ನಡವಳಿಯಲ್ಲಿ ‘ಕಾ.ಅ.’ ಎಂದು ಬರೆದರೆ ಹತ್ತು ವರ್ಷದ ನಂತರ ಅದು ಯಾರು?

ಪ್ರಶ್ನೆ: ಕಾರಟಗಿ ಹತ್ತಿರದ ನಮ್ಮೂರಿನ ನೀರು ಬಳಕೆದಾರರ ಸಹಕಾರ ಸಂಘಕ್ಕೆ ನಾನು ಹೊಸ ಕಾರ್ಯದರ್ಶಿ. ಹಳೆಯ ನಡವಳಿ ಪುಸ್ತಕ ತೆರೆದರೆ ‘ಕಾ.ಅ.’, ‘ಸ.ನಿ.’, ‘ಸ.ನಂ.’, ‘ಬಸವರಾಜ ಇವರು’, ‘ಮಾಜಿ ಅಧ್ಯಕ್ಷರು’ ಎಂದೇ ತುಂಬಿದೆ. ಯಾರು ಯಾರೆಂದು ತಿಳಿಯುವುದಿಲ್ಲ. ಎಲ್ಲವನ್ನೂ ಪೂರ್ತಿ ಬರೆಯುತ್ತ ಕುಳಿತರೆ ಸಭೆಯ ವೇಗಕ್ಕೆ ಕೈ ಓಡುವುದಿಲ್ಲ. ಮುಂದೆ ಬರುವವರಿಗೆ ಅರ್ಥವಾಗುವಂತೆ, ನನಗೂ ಭಾರವಾಗದಂತೆ ಬರೆಯುವುದು ಹೇಗೆ ಸರ್?

ಉತ್ತರ: ಸಹಕಾರ ಸಂಘಗಳ ಲೆಕ್ಕ ಪರಿಶೋಧನೆಯಲ್ಲಿ ನನ್ನ ಬಹುಪಾಲು ಸೇವೆ ಕಳೆಯಿತು. ಲೆಕ್ಕದ ಪುಸ್ತಕಕ್ಕಿಂತ ನಡವಳಿ ಪುಸ್ತಕದ ಮುಂದೆ ತಲೆ ಕೆರೆದುಕೊಂಡ ದಿನಗಳೇ ಹೆಚ್ಚು. ಒಂದು ಪುಟವನ್ನು ಇಂದಿಗೂ ಮರೆತಿಲ್ಲ. ನಿಮ್ಮದೇ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಒಂದು ಸಂಘದ್ದು ಅದು. ಸಂಘದ ಹೆಸರು ಬೇಡ. ಠರಾವು ಹೀಗಿತ್ತು:

> ‘ಕಾ.ಅ.ರವರು ಸ್ಥಳಕ್ಕೆ ಭೇಟಿ ನೀಡಿ ಸ.ನಂ. 112ರ ತೂಬಿನ ದುರಸ್ತಿಗೆ ಒಪ್ಪಿರುತ್ತಾರೆ. ಸದರಿಯವರಿಗೆ ಬಸವರಾಜ ಇವರು ಅರ್ಜಿ ಕೊಡುವುದು, ಖರ್ಚನ್ನು ಸಂಘದಿಂದ ಭರಿಸುವುದು ಎಂದು ಠರಾಯಿಸಲಾಯಿತು.’

ಬರೆದ ದಿನ ಸಭೆಯಲ್ಲಿದ್ದ ಎಲ್ಲರಿಗೂ ಇದು ಹಗಲಿನಷ್ಟು ಸ್ಪಷ್ಟವಾಗಿತ್ತು. ಏಳು ವರ್ಷದ ನಂತರ ನಾನು ಓದುವಾಗ ಆ ಆಡಳಿತ ಮಂಡಳಿ ಬದಲಾಗಿತ್ತು, ಬರೆದ ಕಾರ್ಯದರ್ಶಿ ತೀರಿಕೊಂಡಿದ್ದರು. ಉಳಿದದ್ದು ಪುಸ್ತಕ ಮತ್ತು ಬಸವರಾಜ ಎಂಬ ಹೆಸರಿಗೆ ಸಂದಾಯವಾದ ಖರ್ಚಿನ ಒಂದು ವೋಚರ್. ಸದಸ್ಯರ ಪಟ್ಟಿಯಲ್ಲಿ ಮೂವರು ಬಸವರಾಜರಿದ್ದರು. ‘ಸ.ನಂ.’ ಎಂದರೆ ಸರ್ವೆ ನಂಬರೋ ಸದಸ್ಯತ್ವದ ನಂಬರೋ ಹೇಳುವವರಿರಲಿಲ್ಲ. ಆ ಊರಿನಲ್ಲಿ ಸರ್ವೆ ನಂಬರ್ 112 ಇತ್ತು, ಸದಸ್ಯತ್ವದ 112 ಕೂಡ ಇತ್ತು, ಎರಡೂ ಬೇರೆ ಬೇರೆ ತೂಬಿನ ಕೆಳಗೆ. ಇನ್ನು ‘ಕಾ.ಅ.’ ಎಂದರೆ ನೀರಾವರಿ ನಿಗಮದ ಕಾರ್ಯನಿರ್ವಾಹಕ ಅಭಿಯಂತರರೂ ಆಗಬಹುದು, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯೂ ಆಗಬಹುದು. ಹೊಲಗಾಲುವೆಯ ಕೆಲಸ ಉದ್ಯೋಗ ಖಾತರಿಯಲ್ಲಿಯೂ ನಡೆಯುವುದರಿಂದ ಎರಡನೆಯದನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ.

ಕೊನೆಗೆ ಬಿಡಿಸಿದ್ದು ಜಾವಕ ಪುಸ್ತಕ. ಸಭೆಯಾದ ನಾಲ್ಕನೆಯ ದಿನ ಕಾಲುವೆ ವಿಭಾಗದ ಕಚೇರಿಗೆ ಒಂದು ಪತ್ರ ಹೋಗಿತ್ತು, ಅದರ ನಕಲಿನಲ್ಲಿ ತಂದೆಯ ಹೆಸರು ಸಹಿತ ಒಬ್ಬ ಬಸವರಾಜರ ಸಹಿ ಇತ್ತು. ಆ ನಕಲು ಇಲಿಗಳ ಬಾಯಿಗೆ ಸಿಕ್ಕಿದ್ದರೆ ನಾನು ಆಕ್ಷೇಪಣೆ ಬರೆಯಲೇಬೇಕಿತ್ತು, ತಪ್ಪಿಲ್ಲದ ಒಬ್ಬ ಮನುಷ್ಯ ಆ ಹಣ ಮರಳಿ ಕಟ್ಟಬೇಕಾಗುತ್ತಿತ್ತು. ಮೂರು ಅಕ್ಷರ ಉಳಿಸಲು ಹೋಗಿ ಬಂದ ಪಾಡು ಇದು.

ಆದ್ದರಿಂದ ಮೊದಲನೆಯ ಮಾತು: ಸಂಕ್ಷೇಪ ಬಳಸಿ, ಬೇಡವೆನ್ನುವುದಿಲ್ಲ. ಆದರೆ ಚರ್ಚೆಯ ಭಾಗದಲ್ಲಿ ಮಾತ್ರ ಬಳಸಿ, ಠರಾವಿನ ಒಳಗೆ ಒಂದನ್ನೂ ಬಳಸಬೇಡಿ. ಕಾರಣವಿದೆ. ಚರ್ಚೆಯ ಭಾಗ ಪುಸ್ತಕದಲ್ಲೇ ಉಳಿಯುತ್ತದೆ, ಓದುವವನು ಹಿಂದಿನ ಪುಟ ತಿರುವಬಲ್ಲ. ಠರಾವು ಹಾಗಲ್ಲ. ಅದರ ದೃಢೀಕೃತ ನಕಲು ಬ್ಯಾಂಕಿಗೆ ಹೋಗುತ್ತದೆ, ಮುನಿರಾಬಾದಿನ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗುತ್ತದೆ, ಜಗಳ ಬಿದ್ದರೆ ನ್ಯಾಯಾಲಯಕ್ಕೂ ಹೋಗುತ್ತದೆ. ಅಲ್ಲಿಗೆ ಅದು ಒಂಟಿಯಾಗಿ ಹೋಗುತ್ತದೆ. ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಎಷ್ಟೇ ಚೆಂದದ ಪದಪಟ್ಟಿ ಇದ್ದರೂ ಆ ನಕಲಿನ ಜೊತೆ ಅದು ಹೋಗುವುದಿಲ್ಲ. ಒಂದು ಸಭೆಯಲ್ಲಿ ನಾಲ್ಕೈದು ಠರಾವು ಇದ್ದರೆ ಹೆಚ್ಚು. ಅವನ್ನು ಪೂರ್ತಿ ಹೆಸರಿನಲ್ಲಿ ಬರೆಯಲು ಹಿಡಿಯುವ ಸಮಯ ದೊಡ್ಡದೇನಲ್ಲ. ಸಭೆ ನಡೆಯುವಾಗ ಕರಡು ಹಾಳೆಯಲ್ಲಿ ನಿಮಗೆ ತೋಚಿದಂತೆ ಚುಟುಕಾಗಿ ಬರೆದುಕೊಳ್ಳಿ, ಪುಸ್ತಕಕ್ಕೆ ಏರಿಸುವಾಗ ಬಿಡಿಸಿ ಬರೆಯಿರಿ.

ಯಾವ ಸಂಕ್ಷೇಪ ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ನನ್ನ ಅಳತೆ ಸರಳ: ನಿಮ್ಮ ಸಂಘದ ವ್ಯವಹಾರದೊಳಗೆ ಅದಕ್ಕೆ ಎರಡನೆಯ ಅರ್ಥ ಇದ್ದರೆ ಅದು ಸಂಕ್ಷೇಪಕ್ಕೆ ಯೋಗ್ಯವಲ್ಲ. ‘ಸ.ನಿ.’ ನೋಡಿ. ಸಹಕಾರ ಸಂಘಗಳ ಸಹಾಯಕ ನಿಬಂಧಕರೂ ‘ಸ.ನಿ.’, ಕೃಷಿ ಇಲಾಖೆಯ ಸಹಾಯಕ ನಿರ್ದೇಶಕರೂ ‘ಸ.ನಿ.’. ಒಬ್ಬರು ನಿಮ್ಮ ಚುನಾವಣೆ, ಲೆಕ್ಕಗಳ ಮೇಲೆ ಕಣ್ಣಿಟ್ಟವರು. ಇನ್ನೊಬ್ಬರ ಬಳಿ ನೀವು ಬಿತ್ತನೆ ಬೀಜಕ್ಕೆ ಹೋಗುತ್ತೀರಿ. ‘ಸಿಇಒ’ ಕೂಡ ಹಾಗೆಯೇ: ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯನ್ನು ಹಾಗೆ ಕರೆಯುತ್ತಾರೆ, ಪಕ್ಕದ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಮುಖ್ಯ ಕಾರ್ಯನಿರ್ವಾಹಕರನ್ನೂ ಹಾಗೆಯೇ ಕರೆಯುತ್ತಾರೆ. ಇಂಥವನ್ನು ‘ಸಹಾಯಕ ನಿಬಂಧಕರು’, ‘ಕೃಷಿ ಸಹಾಯಕ ನಿರ್ದೇಶಕರು’, ‘ಪತ್ತಿನ ಸಂಘದ ಸಿಇಒ’ ಎಂದು ತುಸು ಉದ್ದ ಮಾಡಿಕೊಂಡರೆ ಗೊಂದಲ ಹೋಗುತ್ತದೆ. ಚುಟುಕು ಹೆಸರು ಎಂದರೆ ಚುಕ್ಕಿಗಳ ನಡುವಿನ ಒಂಟಿ ಅಕ್ಷರಗಳೇ ಆಗಬೇಕೆಂದಿಲ್ಲ. ‘ನೀರಾವರಿ ನಿಗಮ’ ಎಂಬುದು ‘ಕ.ನೀ.ನಿ.ನಿ.’ಗಿಂತ ಮೂರು ಅಕ್ಷರ ಹೆಚ್ಚು ಅಷ್ಟೇ, ಆದರೆ ಅದನ್ನು ಯಾರೂ ತಪ್ಪಾಗಿ ಓದಲಾರರು.

ನಮ್ಮ ಭಾಗದ ಇನ್ನೊಂದು ತೊಡಕು ‘ಗಂ.’. ರಾಯಚೂರು, ಕೊಪ್ಪಳದ ದಾಖಲೆಗಳಲ್ಲಿ ಗಂಡಸರನ್ನು ‘ಯಮನಪ್ಪ ತಂದೆ ಹನುಮಂತಪ್ಪ’ ಎಂದೂ ಹೆಂಗಸರನ್ನು ‘ಹುಲಿಗೆಮ್ಮ ಗಂಡ ಯಮನಪ್ಪ’ ಎಂದೂ ಬರೆಯುವ ರೂಢಿ. ಅದನ್ನು ‘ತಂ.’, ‘ಗಂ.’ ಎಂದು ಕಡಿಮೆ ಮಾಡುತ್ತಾರೆ. ಅದೇ ಪುಸ್ತಕದಲ್ಲಿ ‘ಗಂ. ತಾ.’ ಎಂದರೆ ಗಂಗಾವತಿ ತಾಲ್ಲೂಕು. ಇವೆರಡರಲ್ಲಿ ಊರಿನ ಹೆಸರನ್ನು ಪೂರ್ತಿ ಬರೆಯಿರಿ, ಸಂಬಂಧದ ಗುರುತನ್ನು ‘ಗಂ.’ ಎಂದೇ ಇಟ್ಟುಕೊಳ್ಳಿ.

ಇನ್ನು ಪದಪಟ್ಟಿ. ಅದನ್ನು ಬಿಡಿ ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಸಿಕ್ಕಿಸಬೇಡಿ, ಒಂದೇ ಬೇಸಿಗೆಯಲ್ಲಿ ಕಳೆದುಹೋಗುತ್ತದೆ. ಹೊಸ ನಡವಳಿ ಪುಸ್ತಕ ಆರಂಭಿಸುವಾಗ ಸಂಖ್ಯೆ ಹಾಕಿದ ಮೊದಲ ನಾಲ್ಕು ಪುಟಗಳನ್ನು ಅದಕ್ಕೇ ಮೀಸಲಿಡಿ. ಈಗಿನ ಪುಸ್ತಕ ಅರ್ಧಕ್ಕೆ ಬಂದಿದ್ದರೆ ಮುಂದಿನ ಸಭೆಯ ಒಂದು ವಿಷಯವಾಗಿಯೇ ಪಟ್ಟಿಯನ್ನು ಮಂಡಿಸಿ, ಒಪ್ಪಿಗೆ ಪಡೆದು, ಆ ಸಭೆಯ ನಡವಳಿಯಲ್ಲೇ ಬರೆಯಿರಿ. ಹಾಗೆ ಮಾಡಿದರೆ ಅದಕ್ಕೆ ತಾರೀಖು, ಸಹಿ ಎರಡೂ ತಾವಾಗಿಯೇ ಬರುತ್ತವೆ. ಇಪ್ಪತ್ತು ಪದ ಸಾಕು. ನಿಘಂಟು ಬರೆಯಲು ಹೊರಟರೆ ಮೂರನೆಯ ಪುಟಕ್ಕೆ ಕೈ ಸೋಲುತ್ತದೆ, ಯಾರೂ ಓದುವುದೂ ಇಲ್ಲ.

ಪ್ರತಿ ಪದಕ್ಕೂ ಮೂರು ಸಂಗತಿ ಇರಲಿ: ನೀವು ಬರೆಯುವ ರೂಪ, ಪೂರ್ಣ ರೂಪ, ಅದು ನಿಮ್ಮ ಸಂಘದಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಏನನ್ನು ಸೂಚಿಸುತ್ತದೆ. ಈ ಮೂರನೆಯದನ್ನೇ ಎಲ್ಲರೂ ಬಿಟ್ಟುಬಿಡುವುದು, ಮುಂದಿನವರಿಗೆ ಹೆಚ್ಚು ಬೇಕಾಗುವುದೂ ಅದೇ. ನಿಮ್ಮ ‘ತಾಲ್ಲೂಕು ಕಚೇರಿ’ಯನ್ನೇ ತೆಗೆದುಕೊಳ್ಳಿ. ಕಾರಟಗಿ ಗಂಗಾವತಿ ತಾಲ್ಲೂಕಿನಿಂದ ಬೇರೆಯಾದದ್ದು ಇತ್ತೀಚೆಗೆ. 2015ರ ನಡವಳಿಯಲ್ಲಿ ‘ತಾಲ್ಲೂಕು ಕಚೇರಿಗೆ ಅರ್ಜಿ ಕೊಡಲಾಗಿದೆ’ ಎಂದಿದ್ದರೆ ಆ ಕಡತ ಗಂಗಾವತಿಯದು, 2022ರಲ್ಲಿ ಅದೇ ವಾಕ್ಯ ಇದ್ದರೆ ಕಾರಟಗಿಯದು. ಇನ್ನೂ ಹಿಂದಕ್ಕೆ ಹೋದರೆ ಜಿಲ್ಲೆಯೇ ಬೇರೆ: ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ ‘ಜಿಲ್ಲಾಧಿಕಾರಿ’ ಎಂದರೆ ರಾಯಚೂರಿನಲ್ಲಿ ಕುಳಿತವರು. ಇವತ್ತಿನ ಹುಡುಗರಿಗೆ ಇದು ಹೊಳೆಯುವುದಿಲ್ಲ.

ಬ್ಯಾಂಕಿನ ಹೆಸರು ಇದಕ್ಕಿಂತ ಕಷ್ಟ. ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇದ್ದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಅದು 2013ರಲ್ಲಿ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಾಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಒಂದೇ ಕಟ್ಟಡ, ಒಂದೇ ಠೇವಣಿ, ನಾಲ್ಕು ಹೆಸರು. ‘ಪ್ರ.ಗ್ರಾ.ಬ್ಯಾಂ.ನಲ್ಲಿ ಇಟ್ಟ ಠೇವಣಿ’ ಎಂದು ಓದಿದ ಹೊಸ ಕಾರ್ಯದರ್ಶಿಯೊಬ್ಬರು ಅಂಥ ಬ್ಯಾಂಕೇ ಇಲ್ಲವೆಂದುಕೊಂಡು ಠೇವಣಿ ಮುಳುಗಿತೆಂದು ಗಾಬರಿಯಾದದ್ದನ್ನು ನಾನೇ ಕಂಡಿದ್ದೇನೆ. ಪಟ್ಟಿಯಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದದ್ದು 2019ರಲ್ಲಿ. ಹಾಗಾಗಿ ‘ಎಚ್‌ಕೆಆರ್‌ಡಿಬಿ ಅನುದಾನ’ ಮತ್ತು ‘ಕೆಕೆಆರ್‌ಡಿಬಿ ಅನುದಾನ’ ಎಂದರೆ ಒಂದೇ ಪ್ರದೇಶಾಭಿವೃದ್ಧಿ ಮಂಡಳಿಯ ಹಿಂದಿನ, ಇಂದಿನ ಹೆಸರುಗಳು. ಇದನ್ನೂ ಒಂದು ಸಾಲಿನಲ್ಲಿ ಬರೆದಿಡಿ.

ಹೆಸರು ಬದಲಾದಾಗ ಪಟ್ಟಿಯ ಹಳೆಯ ಸಾಲನ್ನು ಅಳಿಸಬೇಡಿ, ಅದರ ಮೇಲೆ ಗೀಟೂ ಎಳೆಯಬೇಡಿ. ‘ಇಂಥ ತಾರೀಖಿನವರೆಗೆ’ ಎಂದು ಸೇರಿಸಿ, ಕೆಳಗೆ ಹೊಸ ಸಾಲು ಬರೆಯಿರಿ. ನಿಮ್ಮ ಪಟ್ಟಿಯ ಕೆಲವು ಸಾಲುಗಳು ಹೀಗಿರಬಹುದು:

> ಇಇ: ನೀರಾವರಿ ನಿಗಮದ ನಮ್ಮ ಕಾಲುವೆ ವಿಭಾಗದ ಕಾರ್ಯನಿರ್ವಾಹಕ ಅಭಿಯಂತರರು. ಹಳೆಯ ಪುಸ್ತಕಗಳಲ್ಲಿ ‘ಕಾರ್ಯಪಾಲಕ ಇಂಜಿನಿಯರ್’, ‘ಕಾ.ಅ.’ ಎಂದೂ ಇದೆ.
>
> ತಾ.ಪಂ. ಇಒ: ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ. ‘ಇಒ’ ಎಂದಷ್ಟೇ ಬರೆಯುವಂತಿಲ್ಲ.
>
> ಸಲಹಾ ಸಮಿತಿ: ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ, ‘ಐಸಿಸಿ’. ನಮ್ಮ ಸಂಘದ ಯಾವ ಉಪಸಮಿತಿಗೂ ಈ ಹೆಸರು ಬಳಸುವಂತಿಲ್ಲ.
>
> ತೂಬು: ವಿತರಣಾ ಕಾಲುವೆಯಿಂದ ಹೊಲಗಾಲುವೆಗೆ ನೀರು ಬಿಡುವ ಬಾಯಿ. ಮಾತಿನಲ್ಲಿ ‘ಪೈಪು’, ‘ಔಟ್‌ಲೆಟ್’ ಎಂದರೂ ಪುಸ್ತಕದಲ್ಲಿ ತೂಬು.
>
> ಕ್ಯುಸೆಕ್: ಸೆಕೆಂಡಿಗೆ ಒಂದು ಘನ ಅಡಿ ನೀರಿನ ಹರಿವು. ಇದು ಹರಿವಿನ ಅಳತೆ, ಸಂಗ್ರಹದ ಅಳತೆಯಲ್ಲ. ಸಂಗ್ರಹಕ್ಕೆ ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ.

ಕೊನೆಯ ಸಾಲನ್ನು ಯಾಕೆ ಸೇರಿಸಿದೆನೆಂದರೆ, ‘ಸಲಹಾ ಸಮಿತಿಯವರು ಇಷ್ಟು ಕ್ಯುಸೆಕ್ ನೀರು ಸಂಗ್ರಹವಿದೆ ಎಂದರು’ ಎಂಬಂಥ ವಾಕ್ಯಗಳು ನಡವಳಿಗಳಲ್ಲಿ ಬಹಳ. ಹೇಳಿದವರು ಸರಿಯಾಗಿ ಹೇಳಿರುತ್ತಾರೆ, ಬರೆದವರು ಅಳತೆ ಬದಲಿಸಿರುತ್ತಾರೆ, ಓದಿದವರಿಗೆ ಎರಡರಲ್ಲಿ ಯಾವುದು ಎಂದು ತಿಳಿಯುವುದಿಲ್ಲ.

ಕಾಲುವೆಯ ಸಂಖ್ಯೆಗಳಿಗೂ ಇದೇ ಶಿಸ್ತು ಬೇಕು. ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್ ಎಂದು ಕಾಗದದಲ್ಲಿದ್ದರೂ ಜಾಗ ಹೇಳುವಾಗ ಎಲ್ಲರೂ ಇಂದಿಗೂ ಮೈಲಿನಲ್ಲೇ ಹೇಳುತ್ತಾರೆ. ವಿತರಣಾ ಕಾಲುವೆಗಳಿಗೂ ಸಂಖ್ಯೆ, ತೂಬುಗಳಿಗೂ ಸಂಖ್ಯೆ. ‘69ರಲ್ಲಿ ಗೇಜ್ ಬರುತ್ತಿಲ್ಲ’ ಎಂದು ಬರೆದರೆ ಮೈಲ್ 69ರ ಗೇಜೋ ಅದೇ ಸಂಖ್ಯೆಯ ವಿತರಣಾ ಕಾಲುವೆಯೋ? ಸಂಖ್ಯೆಯನ್ನು ಎಂದೂ ಒಂಟಿಯಾಗಿ ಬಿಡಬೇಡಿ. ‘ಮೈಲ್ 69’, ‘ತೂಬು 5’, ‘ಸರ್ವೆ 112’, ‘ಸದಸ್ಯ 112’ ಎಂದು ಮುಂದೆ ಅದರ ಜಾತಿ ಹೇಳಿ. ಹಾಗೆಯೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದ ಮೇಲೆ ನಿಮ್ಮ ಕಡೆಯ ಎಷ್ಟೋ ನಡವಳಿಗಳಲ್ಲಿ ‘ಗೇಟು ಹೋದಾಗಿನಿಂದ’ ಎಂದಷ್ಟೇ ಇರುತ್ತದೆ. ಇವತ್ತು ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ನಿಮ್ಮ ವಿತರಣಾ ಕಾಲುವೆಗೂ ಗೇಟು ಇದೆ, ಅದೂ ಒಂದಲ್ಲ ಒಂದು ವರ್ಷ ಕೆಡುತ್ತದೆ. ‘ಜಲಾಶಯದ 19ನೇ ಗೇಟು, ಆಗಸ್ಟ್ 2024’ ಎಂದು ಪಟ್ಟಿಯಲ್ಲಿ ಒಂದು ಸಾಲು ಇರಲಿ.

ಈಗ ವ್ಯಕ್ತಿಗಳ ಹೆಸರಿಗೆ ಬರೋಣ. ಹಾಜರಿ ಪಟ್ಟಿಯೇ ಇದಕ್ಕೆ ತಳಹದಿ. ಸಹಿ ಮಾಡಿಸುವ ಮೊದಲು ನೀವೇ ಹೆಸರುಗಳನ್ನು ಬರೆದಿಡಿ: ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ಅಥವಾ ಕ್ಯಾಂಪು, ಸದಸ್ಯತ್ವದ ಸಂಖ್ಯೆ, ಸಂಘದಲ್ಲಿ ಹುದ್ದೆ. ನಿಮ್ಮ ಕಡೆ ಕ್ಯಾಂಪುಗಳು ಹೆಚ್ಚು. ‘ಕ್ಯಾಂಪಿನವರು’ ಎಂದಷ್ಟೇ ಬರೆದರೆ ಯಾವ ಕ್ಯಾಂಪು ಎಂದು ದೇವರೇ ಬಲ್ಲ. ಒಮ್ಮೆ ಹಾಜರಿಯಲ್ಲಿ ಪೂರ್ತಿ ಬರೆದ ಮೇಲೆ ಆ ಸಭೆಯ ಚರ್ಚೆಯಲ್ಲಿ ‘ಬಸವರಾಜ (ಸದಸ್ಯ 84)’ ಎಂದು ಬರೆದರೆ ಸಾಕು. ಸದಸ್ಯತ್ವದ ಸಂಖ್ಯೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಮೂವರು ಬಸವರಾಜರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ ಇರಬಹುದು, ಸಂಖ್ಯೆ ಮಾತ್ರ ಒಂದೇ ಇರಲಾರದು. ಬೇರೆ ಬೇರೆ ಪುಟದಲ್ಲಿ ಒಬ್ಬರನ್ನೇ ‘ಬಸವರಾಜಪ್ಪ’, ‘ಬಸಣ್ಣ’, ‘ಬಸವರಾಜ ಮಾಸ್ತರರು’ ಎಂದು ಬದಲಿಸುತ್ತ ಹೋಗಬೇಡಿ. ಪ್ರೀತಿಗೆ, ಗೌರವಕ್ಕೆ ಕರೆಯುವ ಹೆಸರು ಸಭೆಯಲ್ಲಿ ಬಾಯಿಗೆ ಬರಲಿ. ಪುಸ್ತಕಕ್ಕೆ ಷೇರು ವಹಿಯಲ್ಲಿ ಇರುವ ಹೆಸರೇ ಬರಬೇಕು. ಹಿರಿಯರೊಬ್ಬರು ‘ನನ್ನನ್ನು ಗೌಡರೆಂದೇ ಬರೆ’ ಎಂದರೆ, ‘ಬ್ಯಾಂಕಿನವರು ಒಪ್ಪುವುದಿಲ್ಲ ಯಜಮಾನರೇ’ ಎಂದು ಮೆಲ್ಲಗೆ ಹೇಳಿ. ಅದು ನಿಜವೂ ಹೌದು.

‘ಅಧ್ಯಕ್ಷರು’ ಎಂಬ ಪದದಲ್ಲಿ ಎಚ್ಚರ. ಸಂಘದ ಅಧ್ಯಕ್ಷರು ಬಾರದ ದಿನ ಉಪಾಧ್ಯಕ್ಷರು ಸಭೆ ನಡೆಸುತ್ತಾರೆ, ಆದರೂ ನಡವಳಿಯಲ್ಲಿ ‘ಅಧ್ಯಕ್ಷರು ಹೇಳಿದರು’ ಎಂದೇ ಬರುತ್ತದೆ. ಸಭೆ ನಡೆಸಿದವರನ್ನು ‘ಸಭಾಧ್ಯಕ್ಷರು’ ಎಂದು, ಹುದ್ದೆಯಲ್ಲಿರುವವರನ್ನು ‘ಸಂಘದ ಅಧ್ಯಕ್ಷರು’ ಎಂದು ಬೇರೆ ಮಾಡಿ. ‘ಮಾಜಿ ಅಧ್ಯಕ್ಷರು’ ಎಂದು ಹೆಸರಿಲ್ಲದೆ ಎಂದೂ ಬರೆಯಬೇಡಿ. ಇಂದು ನಿಮ್ಮ ಊರಿನಲ್ಲಿ ಒಬ್ಬರೇ ಮಾಜಿ ಇರಬಹುದು, ಎರಡು ಚುನಾವಣೆ ಕಳೆದರೆ ಮೂವರಿರುತ್ತಾರೆ. ‘ಸದರಿಯವರು’ ಎಂಬುದನ್ನಂತೂ ಪೂರ್ತಿ ಕೈಬಿಡಿ. ಅದರ ಹಿಂದಿನ ವಾಕ್ಯದಲ್ಲಿ ಇಬ್ಬರ ಹೆಸರು ಬಂದಿದ್ದರೆ ಅದು ಯಾರನ್ನೂ ತೋರಿಸುವುದಿಲ್ಲ.

ಇದಕ್ಕಿಂತ ಆಳದ ಒಂದು ಪ್ರಶ್ನೆ ಇದೆ. ಠರಾವಿನಲ್ಲಿ ಬರೆಯಬೇಕಾದ್ದು ವ್ಯಕ್ತಿಯನ್ನೋ ಹುದ್ದೆಯನ್ನೋ? ನಿಮ್ಮನ್ನೇ ಕೇಳಿಕೊಳ್ಳಿ: ಈ ಮನುಷ್ಯ ನಾಳೆ ಹುದ್ದೆ ಬಿಟ್ಟರೆ ಈ ಕೆಲಸ ಅವರ ಜೊತೆ ಹೋಗಬೇಕೋ, ಕುರ್ಚಿಯ ಜೊತೆ ಉಳಿಯಬೇಕೋ? ನೀರಿನ ಕರ ವಸೂಲಿಯ ರಸೀದಿ ಪುಸ್ತಕ ಇಟ್ಟುಕೊಳ್ಳುವುದು ಕುರ್ಚಿಯ ಕೆಲಸ, ಅಲ್ಲಿ ‘ಸಂಘದ ಕಾರ್ಯದರ್ಶಿ’ ಎಂದಷ್ಟೇ ಬರೆಯಿರಿ. ಅಲ್ಲಿ ನಿಮ್ಮ ಹೆಸರು ಬಿದ್ದರೆ ನೀವು ಬಿಟ್ಟ ಮೇಲೂ ಆ ಪುಸ್ತಕದ ಹೊಣೆ ನಿಮ್ಮದೆಂದು ಯಾರಾದರೂ ವಾದಿಸಬಹುದು. ಮುನಿರಾಬಾದಿಗೆ ಹೋಗಿ ನಕ್ಷೆಯ ನಕಲು ತರುವುದು ಒಬ್ಬ ಮನುಷ್ಯನ ಒಂದು ದಿನದ ಕೆಲಸ, ಅಲ್ಲಿ ಪೂರ್ತಿ ಹೆಸರು ಬೇಕು; ಪ್ರಯಾಣದ ವೋಚರ್ ಅವರ ಹೆಸರಿನಲ್ಲೇ ಬರುತ್ತದೆ. ಬ್ಯಾಂಕಿನ ಖಾತೆಗೆ ಸಹಿ ಮಾಡುವವರನ್ನು ನೇಮಿಸುವಾಗ ಎರಡೂ ಬೇಕು, ಯಾಕೆಂದರೆ ಅಧಿಕಾರ ಹುದ್ದೆಯದು, ಬ್ಯಾಂಕು ಇಟ್ಟುಕೊಳ್ಳುವ ಮಾದರಿ ಸಹಿ ವ್ಯಕ್ತಿಯದು. ಹಳಬರ ಅಧಿಕಾರ ಯಾವ ತಾರೀಖಿಗೆ ಮುಗಿಯಿತು ಎಂಬುದನ್ನೂ ಅದೇ ಠರಾವಿನಲ್ಲಿ ಬರೆಯಿರಿ.

ಹೊರಗಿನ ಅಧಿಕಾರಿಗಳ ವಿಷಯದಲ್ಲಿ ಹುದ್ದೆ ಮುಖ್ಯ. ಅವರಿಗೆ ವರ್ಗವಾಗುತ್ತದೆ, ಕಚೇರಿ ಉಳಿಯುತ್ತದೆ. ಆದರೆ ಅವರು ಸಭೆಗೆ ಬಂದು ಮಾತು ಕೊಟ್ಟಿದ್ದರೆ ಹುದ್ದೆ, ಕಚೇರಿಯ ಜೊತೆ ಹೆಸರನ್ನೂ ಒಮ್ಮೆ ಬರೆಯಿರಿ. ‘ಪ್ರಭಾರ’ ಎಂದಿದ್ದರೆ ಅದನ್ನು ಬಿಡಬೇಡಿ. ಪ್ರಭಾರದಲ್ಲಿದ್ದವರು ಕೊಟ್ಟ ಮಾತನ್ನು ನಂತರ ಬಂದವರು ‘ನನಗೆ ಗೊತ್ತಿಲ್ಲ’ ಎಂದಾಗ ನಿಮ್ಮ ಕೈಯಲ್ಲಿರುವುದು ಆ ಒಂದು ಪದವೇ.

ಆ ಹಳೆಯ ಠರಾವನ್ನು ನೀವು ಇಂದು ಬರೆಯುವುದಾದರೆ ಹೀಗೆ ಬರುತ್ತದೆ. ಹೆಸರು, ಸಂಖ್ಯೆಗಳು ಮಾದರಿಗಾಗಿ ಹಾಕಿದವು:

> ‘ಕರ್ನಾಟಕ ನೀರಾವರಿ ನಿಗಮದ ನಮ್ಮ ಕಾಲುವೆ ವಿಭಾಗದ ಕಾರ್ಯನಿರ್ವಾಹಕ ಅಭಿಯಂತರರು ತೂಬು 5ನ್ನು (ಸರ್ವೆ ನಂಬರ್ 112ರ ಜಮೀನಿಗೆ ಹೊಂದಿದ್ದು) ಪರಿಶೀಲಿಸಿ, ದುರಸ್ತಿ ಮಾಡಿಸಲು ಬಾಯಿ ಮಾತಿನಲ್ಲಿ ಒಪ್ಪಿರುತ್ತಾರೆ. ನಿರ್ದೇಶಕರಾದ ಬಸವರಾಜ ತಂದೆ ಹನುಮಂತಪ್ಪ (ಸದಸ್ಯತ್ವ ಸಂಖ್ಯೆ 84) ಇವರು ಕಾರ್ಯನಿರ್ವಾಹಕ ಅಭಿಯಂತರರ ಕಚೇರಿಗೆ ಸಂಘದ ಪರವಾಗಿ ಲಿಖಿತ ಅರ್ಜಿ ಸಲ್ಲಿಸುವುದು, ಅವರ ಪ್ರಯಾಣ ವೆಚ್ಚವನ್ನು ಸಂಘದಿಂದ ಭರಿಸುವುದು ಎಂದು ಠರಾಯಿಸಲಾಯಿತು.’

ಇದು ಮೊದಲಿನದರ ಎರಡರಷ್ಟಕ್ಕೂ ಹೆಚ್ಚು ಉದ್ದವಾಯಿತು, ನಿಜ. ಆದರೆ ‘ಖರ್ಚು’ ಎಂಬುದು ‘ಪ್ರಯಾಣ ವೆಚ್ಚ’ವಾದದ್ದನ್ನು ಗಮನಿಸಿ. ಹೆಸರುಗಳನ್ನು ಬಿಡಿಸಿ ಬರೆಯಲು ಕುಳಿತಾಗಲೇ, ಯಾವ ಖರ್ಚು ಎಂದು ಸಭೆಯಲ್ಲಿ ಯಾರೂ ಸ್ಪಷ್ಟಪಡಿಸಿರಲಿಲ್ಲ ಎಂಬುದೂ ಕಣ್ಣಿಗೆ ಬೀಳುವುದು. ಮೊದಲಿನ ಠರಾವಿನ ಪ್ರಕಾರ ತೂಬಿನ ದುರಸ್ತಿಯ ಖರ್ಚನ್ನೇ ಸಂಘ ಹೊರಬೇಕೆಂದೂ ಓದಬಹುದಿತ್ತು. ಇಂಥದ್ದು ಕಂಡರೆ ನೀವೇ ಊಹಿಸಿ ತುಂಬಬೇಡಿ, ಪುಸ್ತಕಕ್ಕೆ ಏರಿಸುವ ಮೊದಲು ಸಭಾಧ್ಯಕ್ಷರನ್ನು ಕೇಳಿ.

ನಿಮ್ಮ ಹಳೆಯ ಪುಸ್ತಕಗಳ ಮಾತು ಉಳಿಯಿತು. ಅವುಗಳ ಒಳಗೆ ಒಂದಕ್ಷರವನ್ನೂ ತಿದ್ದಬೇಡಿ, ಪೆನ್ಸಿಲಿನಿಂದಲೂ ಬೇಡ. ಸಹಿಯಾದ ನಡವಳಿಯ ಅಂಚಿನಲ್ಲಿ ಬೇರೆ ಕೈಬರಹ ಕಂಡರೆ ಇಡೀ ಪುಟದ ಮೇಲೆ ಅನುಮಾನ ಹುಟ್ಟುತ್ತದೆ. ಹೊಸ ಪುಸ್ತಕದ ಪದಪಟ್ಟಿಯ ಕೊನೆಯಲ್ಲಿ ಎರಡು ಪುಟ ಬಿಟ್ಟು, ‘ಹಿಂದಿನ ಪುಸ್ತಕಗಳ ಸಂಕ್ಷೇಪಗಳು’ ಎಂದು ಶೀರ್ಷಿಕೆ ಹಾಕಿ. ಹಳೆಯ ನಿರ್ದೇಶಕರಲ್ಲಿ ಬದುಕಿರುವ ಇಬ್ಬರು ಮೂವರನ್ನು, ಆಗ ಗ್ಯಾಂಗ್‌ಮನ್ ಆಗಿದ್ದವರನ್ನು ಈ ಬೇಸಿಗೆಯಲ್ಲೇ ಭೇಟಿಯಾಗಿ, ಪುಸ್ತಕ ಮುಂದಿಟ್ಟು ಕೇಳಿ. ಆವಕ–ಜಾವಕ ಪುಸ್ತಕ ಮತ್ತು ವೋಚರ್‌ಗಳ ಜೊತೆ ತಾಳೆ ನೋಡಿ. ತಿಳಿದದ್ದನ್ನು ಬರೆಯುವಾಗ ಹೇಗೆ ತಿಳಿಯಿತು ಎಂಬುದನ್ನೂ ಬರೆಯಿರಿ: ‘ಜಾವಕ ಪತ್ರದಿಂದ ಖಚಿತ’, ‘ಹಿಂದಿನ ನಿರ್ದೇಶಕರು ಹೇಳಿದಂತೆ’, ‘ಸಂಶಯ’. ಯಾರಿಗೂ ತಿಳಿಯದ ಸಂಕ್ಷೇಪವಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ, ಮುಂದಿನ ಜಾಗವನ್ನು ಖಾಲಿ ಬಿಡಿ. ಯಾವತ್ತೋ ಒಂದು ದಿನ ಹಳೆಯ ಟ್ರಂಕಿನಿಂದ ಒಂದು ಕಾಗದ ಸಿಕ್ಕಾಗ ತುಂಬಲು ಜಾಗವಿರುತ್ತದೆ.